ಎದುರಿನವ್ರ ಪ್ಲಸ್ ಪಾಯಿಂಟ್ ಮೊದ್ಲು ಬರೆದದ್ದು

ಮಂಗಳೂರಲ್ಲಿ ಹೋಟೆಲ್ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವ ಸಣ್ಣ ಕಂಪನಿ ನಮ್ದು, ಸೇಲ್ಸ್ ನಾನೇ ನೋಡ್ಕೊಳ್ಳೋದು, 6 ಜನ ಹುಡುಗ್ರು ಸುರತ್ಕಲ್‌ನಿಂದ ಕುಂದಾಪುರದ ತನಕ ತಿರುಗ್ತಾರೆ. ಹೆಚ್ಚಾಗಿ ಎದುರು ಸಿಗೋದು ಒಂದೇ ಕಂಪನಿ, ಹೆಸ್ರು ಬೇಡ. ಅವ್ರದ್ದು ಪೂರ್ತಿ ಕ್ಲೌಡ್, ನಮ್ದು ಕೌಂಟರಿನ ಕಂಪ್ಯೂಟರಲ್ಲೇ ಕೂತಿರ್ತದೆ.

ಎದುರಿನ ಕಂಪನಿ ಬಗ್ಗೆ ಗಿರಾಕಿ ಹತ್ರ ಎಂತ ಹೇಳ್ಬೇಕು ಅಂತ ಸೇಲ್ಸ್ ಹುಡುಗ್ರಿಗೆ ಬರೆದು ಕೊಡೋದಕ್ಕೆ ಬ್ಯಾಟಲ್‌ಕಾರ್ಡ್ ಅಂತಾರೆ, ಮೊದಲನೇದು ನಾನೇ ಮಾಡಿದ್ದು. 5 ಪೇಜ್, ನಮ್ಮ ಕಾಲಮ್ಮಲ್ಲಿ ಎಲ್ಲಾ ರೈಟ್ ಮಾರ್ಕ್, ಅವ್ರ ಕಾಲಮ್ಮಲ್ಲಿ ಎಲ್ಲಾ ಇಂಟು. ಅದ್ರಲ್ಲಿ "ನೆಟ್ ಹೋದ್ರೆ ಅವ್ರ ಬಿಲ್ ನಿಲ್ತದೆ" ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದೆ, ನಮ್ಮ ಊರಿನ ಮಳೆಗೆ ಇದಕ್ಕಿಂತ ಒಳ್ಳೆ ಪಾಯಿಂಟ್ ಎಂತ ಬೇಕು. ಉಡುಪಿಯ ಒಂದು ಹೋಟೆಲಲ್ಲಿ ನಮ್ಮ ಹುಡುಗ ಅದನ್ನೇ ಹೇಳಿದ್ದಾನೆ, ಯಜಮಾನ್ರು ಏನೂ ಮಾತಾಡ್ದೆ ಎದ್ದು ವೈಫೈ ಆಫ್ ಮಾಡಿ, ಟ್ರಯಲ್‌ಗೆ ಹಾಕಿಸಿದ್ದ ಅವ್ರ ಸಾಫ್ಟ್‌ವೇರಿಂದ ಎರಡು ಕಾಫಿ ಒಂದು ಬನ್ಸಿನ ಬಿಲ್ ಪ್ರಿಂಟ್ ತೆಗ್ದು ಇವನ ಕೈಗೆ ಕೊಟ್ರಂತೆ. "ಎಲ್ಲಿ ನಿಂತಿತು ಮಾರಾಯ್ರೆ?" ನಾನು ಕಾರ್ಡ್ ಬರೆದ ಮೇಲೆ ಆ ಕಂಪನಿಯವ್ರು ಅಪ್ಡೇಟ್ ಕೊಟ್ಟಿದ್ರು, ನಮ್ಗೆ ಗೊತ್ತೇ ಇರ್ಲಿಲ್ಲ. ಆಮೇಲೆ ಹುಡುಗ ನಿಜ ಹೇಳಿದ್ರೂ ಯಜಮಾನ್ರು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಬಿಲ್ಲನ್ನು ಹುಡುಗ ಆಫೀಸಿಗೆ ತಂದು ನನ್ನ ಟೇಬಲ್ ಮೇಲೆ ಇಟ್ಟ, ಮಾತಾಡ್ಲಿಲ್ಲ.

ಹಿಂದಿನ 6 ತಿಂಗಳಲ್ಲಿ ನಮ್ಮ ಕೈತಪ್ಪಿ ಹೋದ 14 ಗಿರಾಕಿಗಳಿಗೆ ನಾನೇ ಫೋನ್ ಮಾಡ್ದೆ. ಹುಡುಗ್ರು ಕಾರಣ ಅಂತ ಬರೆದಿದ್ದು 11 ಕಡೆ "ರೇಟ್". ಯಜಮಾನ್ರ ಹತ್ರ ಕೇಳಿದ್ರೆ ರೇಟ್ ಅಂದವ್ರು 4 ಜನ, ಬಾಕಿಯವ್ರಲ್ಲಿ ಹೆಚ್ಚಿನವ್ರು ಹೇಳಿದ್ದು "ದಿನದ ಕಲೆಕ್ಷನ್ ಮೊಬೈಲಲ್ಲಿ ಕಾಣ್ತದೆ". ಮುಂಬೈಯಲ್ಲಿ ಕೂತು ಇಲ್ಲಿಯ ಹೋಟೆಲ್ ನಡೆಸುವವ್ರಿಗೆ ಅದಕ್ಕಿಂತ ದೊಡ್ಡದು ಬೇರೆ ಉಂಟಾ? ನಮ್ಮಲ್ಲಿ ಅದು ರಾತ್ರಿ ಒಂದು ಮೆಸೇಜ್ ಬರೋದಷ್ಟೇ.

ಈಗಿನ ಕಾರ್ಡ್ ಒಂದೇ ಪೇಜ್. ಮೇಲೆ ಮೊದ್ಲು ಅವ್ರು ಎಲ್ಲಿ ಒಳ್ಳೇದು ಅಂತ: ಮೊಬೈಲ್ ರಿಪೋರ್ಟ್, ಎರಡು ಮೂರು ಬ್ರಾಂಚಿನ ಲೆಕ್ಕ ಒಂದೇ ಕಡೆ. ಇದು ಕೇಳಿ ಹುಡುಗ್ರು ಮೊದ್ಲು ಮುಖ ಸಿಂಡರಿಸಿದ್ರು.

ಅವ್ರ ವೀಕ್‌ನೆಸ್ ಬರೆಯುವಾಗ ಈಗ ನಾವು ಕೂತು ಪರೀಕ್ಷೆ ಮಾಡ್ತೇವೆ. ನಮ್ಮ ಹಳೇ ಗಿರಾಕಿಯೊಬ್ರು ಅವ್ರದ್ದಕ್ಕೆ ಬದ್ಲಾಗಿದ್ರು, ಅವ್ರೇ ಖುಷಿಯಿಂದ ತೋರಿಸಿದ್ರು: ನೆಟ್ ಇಲ್ಲದಾಗ ಕೌಂಟರಲ್ಲಿ ಬಿಲ್ ಆಗ್ತದೆ, ಆದ್ರೆ ಟೇಬಲಲ್ಲಿ ಆರ್ಡರ್ ತಗೊಳ್ಳುವ ಕ್ಯಾಪ್ಟನ್ ಮೊಬೈಲಿಂದ ಕಿಚನಿಗೆ ಕೆಒಟಿ, ಅಂದ್ರೆ ಆರ್ಡರ್ ಚೀಟಿ, ಹೋಗುದಿಲ್ಲ. ಈಗ ಕಾರ್ಡಲ್ಲಿ ಇಷ್ಟೇ ಇರೋದು, ಪಕ್ಕದಲ್ಲಿ ನೋಡಿದ ತಾರೀಕು, ಎಲ್ಲಿ ನೋಡಿದ್ದು ಅಂತ. 90 ದಿನ ದಾಟಿದ್ರೆ ಮತ್ತೆ ನೋಡದೆ ಆ ಸಾಲು ಹೇಳ್ಲಿಕ್ಕಿಲ್ಲ. ಇನ್ನೊಂದು, ಈ ವೀಕ್‌ನೆಸ್ ಎಲ್ರಿಗೂ ವೀಕ್‌ನೆಸ್ ಅಲ್ಲ. ಕೌಂಟರಲ್ಲಿ ಟೋಕನ್ ತಗೊಂಡು ನಿಂತು ತಿನ್ನುವ ಹೋಟೆಲಿಗೆ ಕ್ಯಾಪ್ಟನ್ನೇ ಇಲ್ಲ. ಹಾಗಾಗಿ ಅದ್ರ ಮೇಲೆ ಕೇಳ್ಬೇಕಾದ ಪ್ರಶ್ನೆ ಬರೆದಿದ್ದೇವೆ: "ನಿಮ್ಮಲ್ಲಿ ಆರ್ಡರ್ ಟೇಬಲಲ್ಲಿ ತಗೊಳ್ಳುದಾ, ಕೌಂಟರಲ್ಲಾ?" ಕೌಂಟರ್ ಅಂದ್ರೆ ಆ ಪಾಯಿಂಟ್ ಬಾಯಿಗೇ ತರ್ಬಾರ್ದು.

"ಅವ್ರದ್ದು ಕಡಿಮೆ ಅಲ್ವಾ" ಅನ್ನೋದಕ್ಕೆ ಉತ್ತರ ಬರೀಲಿಕ್ಕೆ ಜಾಸ್ತಿ ದಿನ ಹಿಡೀತು. ನಮ್ದು ಒಮ್ಮೆಗೆ 18,000, ಎರಡನೇ ವರ್ಷದಿಂದ ಎಎಂಸಿ ಅಂತ ವರ್ಷದ ಮೇಂಟೆನೆನ್ಸ್ 4,500. ಅವ್ರದ್ದು ವರ್ಷಕ್ಕೆ 8,000. ಮೂರು ವರ್ಷಕ್ಕೆ ನಮ್ದು 27,000, ಅವ್ರದ್ದು 24,000. ನಾಲ್ಕನೇ ವರ್ಷಕ್ಕೆ 31,500ಕ್ಕೆ 32,000, ಹತ್ರ ಹತ್ರ ಸಮ. ಈಗ ಹುಡುಗ್ರು ಹೇಳೋದು ಹೀಗೆ: "ಹೌದು ಸರ್, ಮೂರು ವರ್ಷದ ತನಕ ಅವ್ರದ್ದೇ ಕಡಿಮೆ, ನಾಲ್ಕನೇ ವರ್ಷದ ನಂತ್ರ ನಮ್ದು ಲಾಭ, ನೀವು ಈ ಜಾಗದಲ್ಲಿ ಅಷ್ಟು ವರ್ಷ ಇರ್ತೀರಾ?" ಲೀಸ್ 3 ವರ್ಷದ್ದು ಅಂದ್ರೆ ಅಲ್ಲಿ ನಾವು ರೇಟಿನ ಮಾತು ಬಿಡ್ತೇವೆ. ಕಾರ್ಡಿನ ಕೊನೆಯಲ್ಲಿ "ಇವ್ರಿಗೆ ನಮ್ದು ಬೇಡ" ಅಂತ ಒಂದು ಸಾಲು ಇದೆ: ಮೂರಕ್ಕಿಂತ ಹೆಚ್ಚು ಬ್ರಾಂಚ್, ಯಜಮಾನ್ರು ಊರಲ್ಲಿಲ್ಲ. ನಮ್ಮ ಡೈರೆಕ್ಟ್ರಿಗೆ ಅದನ್ನು ಒಪ್ಪಿಸ್ಲಿಕ್ಕೆ ಎರಡು ಮೀಟಿಂಗ್ ಬೇಕಾಯ್ತು.

ಒಮ್ಮೆ ಒಬ್ಬ ಕಾರ್ಡನ್ನೇ ಗಿರಾಕಿಗೆ ವಾಟ್ಸಾಪ್ ಮಾಡಿದ, ಅದು ವಾರದೊಳಗೆ ಆ ಕಂಪನಿಯವ್ರ ಕೈಗೂ ಸೇರಿತು. ಪುಣ್ಯಕ್ಕೆ ಹೊಸ ಕಾರ್ಡ್. ಅವ್ರ ಸೇಲ್ಸಿನವ್ರು ಪಂಪ್‌ವೆಲ್ ಹತ್ರ ಚಾ ಅಂಗಡಿಯಲ್ಲಿ ಸಿಕ್ಕಿದಾಗ ನಗ್ತಾ "ಕೆಒಟಿದು ಸರಿ ಬರೆದಿದ್ದೀರಿ, ಮುಂದಿನ ಅಪ್ಡೇಟಲ್ಲಿ ಬರ್ತದೆ" ಅಂದ್ರು. ಅವತ್ತು ಸಂಜೆಯೇ ಆ ಸಾಲಿನ ಪಕ್ಕ ಪೆನ್ಸಿಲಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಹಳೇ ಗಿರಾಕಿಗೆ ಫೋನ್ ಮಾಡ್ಲಿಕ್ಕೆ ಒಬ್ಬನಿಗೆ ಹೇಳ್ದೆ.