ಗೆರೆ ಎರಡೆರಡಾಗಿ ಬರುತ್ತಿದೆಯಾ? ಹೆಡ್ ಬದಲಿಸುವ ಮುಂಚೆ ಇದನ್ನು ಮಾಡಿ

ಮಂಡ್ಯದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಬೆಲ್ಲದ ಮಂಡಿಯ ಬಿಲ್ ಫಾರಂ ಪ್ರಿಂಟ್ ಮಾಡುತ್ತಿದ್ದರು. ಕಾಲಂನ ಉದ್ದಗೆರೆಗಳೆಲ್ಲ ಜೋಡಿ ಜೋಡಿ. ‘ಮೊತ್ತ’ ಎನ್ನುವ ಪದದಲ್ಲಿ ಒತ್ತಕ್ಷರ ಮಸಿ ಮೆತ್ತಿದ ಹಾಗೆ. “ಹೆಡ್ಡೇ ಹೋಗೈತೆ ಅಂದ್ರು ಸಾರ್, ಹೊಸದು ಹಾಕಿಸ್ಬೇಕಂತೆ” ಎಂದರು ಅಂಗಡಿಯವರು. ಹೆಡ್ ಚೆನ್ನಾಗಿಯೇ ಇತ್ತು. ಅಲೈನ್‌ಮೆಂಟ್ ತಪ್ಪಿತ್ತು, ಅಷ್ಟೆ.

ಇಂಕ್‌ಜೆಟ್ ಪ್ರಿಂಟರ್‌ನ ಹೆಡ್ ಎಡದಿಂದ ಬಲಕ್ಕೆ ಹೋಗುವಾಗಲೂ ಶಾಯಿ ಹಾಕುತ್ತದೆ, ವಾಪಸ್ ಬರುವಾಗಲೂ ಹಾಕುತ್ತದೆ. ಎರಡೂ ಸಲದ ಹನಿ ಒಂದಕ್ಕೊಂದು ಸರಿಯಾಗಿ ಹೊಂದಿಕೊಂಡು ಬೀಳಬೇಕು. ಕೂದಲೆಳೆಯಷ್ಟು ಆಚೀಚೆ ಆದರೂ ಉದ್ದಗೆರೆ ಎರಡಾಗುತ್ತದೆ, ಇಲ್ಲವೇ ಮೆಟ್ಟಿಲು ಮೆಟ್ಟಿಲಾಗುತ್ತದೆ. ಅಡ್ಡಗೆರೆ ಮಾತ್ರ ನೆಟ್ಟಗೇ ಇರುತ್ತದೆ. ಇದೇ ಮುಖ್ಯ ಗುರುತು.

ಮೊದಲು ಯಾವ ದೋಷ ಎಂದು ನೋಡಿ. ಅಕ್ಷರದ ಸಾಲು ಪೂರ್ತಿ ಓರೆಯಾಗಿದೆಯಾ? ಕಾಗದದ ಮೇಲಂಚಿನಿಂದ ಸಾಲಿನ ಎಡತುದಿಗೂ ಬಲತುದಿಗೂ ಸ್ಕೇಲ್ ಇಟ್ಟು ಅಳೆಯಿರಿ. ಅಳತೆ ಬೇರೆ ಬೇರೆ ಬಂದರೆ ಕಾಗದವೇ ಸೊಟ್ಟಗೆ ಹೋಗಿದೆ. ಟ್ರೇನ ಪಕ್ಕದ ಗೈಡನ್ನು ಕಾಗದಕ್ಕೆ ತಾಗುವ ಹಾಗೆ ಸರಿಸಿ. ಅಕ್ಷರದ ಅಂಚು ಶಾಯಿ ಹೀರಿ ಹರಡಿದ್ದರೆ ಕಾಗದದ ತಪ್ಪು, ಇಲ್ಲವೇ ಶಾಯಿಯದು. ಲೂಸ್ ಇಂಕ್ ಎಂದು ಮಾರುವ ನೀರಿನಂಥ ಶಾಯಿಯನ್ನು ದಯವಿಟ್ಟು ಹಾಕಬೇಡಿ.

ಅಲೈನ್‌ಮೆಂಟ್ ತಪ್ಪಿದೆಯೋ ಇಲ್ಲವೋ ಎಂದು ಖಚಿತ ಮಾಡಿಕೊಳ್ಳಲು ಒಂದು ಪರೀಕ್ಷೆ ಇದೆ. ಪ್ರಿಂಟ್ ಸೆಟ್ಟಿಂಗ್‌ನಲ್ಲಿ Bidirectional ಅಥವಾ High Speed ಎಂದಿದ್ದರೆ ಅದರ ಟಿಕ್ ತೆಗೆದು ಅದೇ ಹಾಳೆಯನ್ನು ಮತ್ತೆ ಪ್ರಿಂಟ್ ಮಾಡಿ. ಈಗ ಹೆಡ್ ಒಂದೇ ದಿಕ್ಕಿನಲ್ಲಿ ಶಾಯಿ ಹಾಕುತ್ತದೆ. ಜೋಡಿಗೆರೆ ಮಾಯವಾದರೆ ಹೋಗಿ ಬರುವ ಹೊಂದಾಣಿಕೆಯೇ ಕೆಟ್ಟಿದೆ ಎಂದರ್ಥ. ಟಿಕ್ ತೆಗೆದೇ ಕಾಲ ತಳ್ಳುವವರಿದ್ದಾರೆ. ಆಗ ಪ್ರಿಂಟ್ ತುಂಬಾ ನಿಧಾನ, ಅಂಗಡಿಗೆ ಅದು ಆಗಿಬರುವುದಿಲ್ಲ.

ಅಲೈನ್‌ಮೆಂಟ್‌ಗೆ ಮುಂಚೆ, ಹೆಡ್‌ನಲ್ಲಿ ಶಾಯಿ ಬರುವ ತೂತುಗಳು ಕಟ್ಟಿವೆಯೇ ಎಂದು ನೋಡಲು Nozzle Check ಹಾಳೆ ತೆಗೆಯಿರಿ. ಗೆರೆ ತುಂಡಾಗಿದ್ದರೆ ಒಂದು ಸಲ, ಹೆಚ್ಚೆಂದರೆ ಎರಡು ಸಲ ಹೆಡ್ ಕ್ಲೀನಿಂಗ್ ಮಾಡಿ. ಮತ್ತೆ ಮತ್ತೆ ಮಾಡಿದರೆ ಶಾಯಿ ದಂಡ, ಅದನ್ನು ಹೀರುವ ವೇಸ್ಟ್ ಪ್ಯಾಡ್ ಕೂಡ ಬೇಗ ತುಂಬುತ್ತದೆ.

ಆಮೇಲೆ Maintenance ಒಳಗೆ Print Head Alignment. ಜನ ಎಡವುವುದು ಇಲ್ಲೇ. ಹಾಳೆಯಲ್ಲಿ ಸಾಲು ಸಾಲಾಗಿ ಪುಟ್ಟ ಚೌಕಗಳು, ಪ್ರತಿಯೊಂದಕ್ಕೂ ನಂಬರ್. ನೋಡುವ ಗೋಜಿಗೇ ಹೋಗದೆ ಎಲ್ಲ ಸಾಲಿಗೂ ಮಧ್ಯದ ನಂಬರ್ ಒತ್ತಿ ಮುಗಿಸುವವರೇ ಜಾಸ್ತಿ. ಮಂಡ್ಯದ ಅಂಗಡಿಯಲ್ಲೂ ಆದದ್ದು ಅದೇ, ಎಲ್ಲದಕ್ಕೂ 5 ಕೊಟ್ಟಿದ್ದರು.

ದಿನವೂ ಬಳಸುವ ಕಾಗದವನ್ನೇ ಹಾಕಿ. ಹಿಂದೆ ಪ್ರಿಂಟ್ ಆಗಿರುವ ಹಾಳೆ, ಸುಕ್ಕಾದ ಹಾಳೆ ಬೇಡ. ಬಂದ ಹಾಳೆ ಒಂದು ನಿಮಿಷ ಒಣಗಲಿ. ಅಂಗಡಿಯ ಹಳದಿ ಬಲ್ಬ್ ಕೆಳಗೆ ನೋಡಬೇಡಿ, ಬಾಗಿಲ ಬಳಿ ಬೆಳಕಿಗೆ ತನ್ನಿ. ತಪ್ಪಿದ ಚೌಕದೊಳಗೆ ನಿಂತ ಗೆರೆ ಕಾಣುತ್ತದೆ. ಹನಿಗಳ ನಡುವೆ ಜಾಗ ಬಿಟ್ಟಿದ್ದರೆ ಬಿಳಿ ಗೆರೆ, ಒಂದರ ಮೇಲೊಂದು ಬಿದ್ದಿದ್ದರೆ ಕಪ್ಪು ಗೆರೆ. ಎರಡೂ ಇಲ್ಲದ, ಒಂದೇ ಸಮ ಬಣ್ಣ ಹಚ್ಚಿದಂತಿರುವ ಚೌಕವನ್ನು ಆರಿಸಬೇಕು. ಮೊದಲು ಮೊಳದ ದೂರದಿಂದ ಕಣ್ಣು ಕಿರಿದು ಮಾಡಿ ನೋಡಿ. ಎರಡು ಚೌಕ ಉಳಿದರೆ ಭೂತಗನ್ನಡಿ ಹಿಡಿಯಿರಿ.

ಅಲ್ಲಿ ಮೊದಲ ಸಾಲಿನ 5ರಲ್ಲಿ ಬಿಳಿ ಗೆರೆ ಎದ್ದು ಕಾಣುತ್ತಿತ್ತು. 6ರಲ್ಲಿ ಸಣ್ಣದಾಯಿತು, 7ರಲ್ಲಿ ಇಲ್ಲವೇ ಇಲ್ಲ, 8ರಲ್ಲಿ ಕಪ್ಪು ಗೆರೆ ಶುರು. 7 ಕೊಟ್ಟೆವು. ಉಳಿದ ಸಾಲುಗಳನ್ನೂ ಒಂದೊಂದಾಗಿ ಹೀಗೇ ನೋಡಿದೆವು. ಯಾವ ಚೌಕವೂ ಪೂರ್ತಿ ಸರಿ ಕಾಣದಿದ್ದರೆ ಇದ್ದುದರಲ್ಲಿ ಒಳ್ಳೆಯದನ್ನು ಕೊಟ್ಟು ಇನ್ನೊಂದು ಹಾಳೆ ತೆಗೆಯಿರಿ. ಕೆಲವು ಪ್ರಿಂಟರ್‌ಗಳಲ್ಲಿ ಹಾಳೆಯನ್ನು ಸ್ಕ್ಯಾನರ್ ಗಾಜಿನ ಮೇಲಿಟ್ಟರೆ ಸಾಕು, ಅದೇ ಓದಿಕೊಳ್ಳುತ್ತದೆ. ಗಾಜು ಒರೆಸಿ ಇಡಿ.

ಇಷ್ಟಾದ ಮೇಲೂ ಪುಟದ ಒಂದೇ ಜಾಗದಲ್ಲಿ ಮಾತ್ರ ಗೆರೆ ನಡುಗಿದರೆ ಅಲೈನ್‌ಮೆಂಟ್ ಬಿಡಿ. ಹೆಡ್ ಓಡುವ ದಾರಿಯ ಹಿಂದೆ ಪಾರದರ್ಶಕವಾದ ತೆಳು ಪಟ್ಟಿ ಇರುತ್ತದೆ, ಎನ್‌ಕೋಡರ್ ಸ್ಟ್ರಿಪ್ ಅಂತಾರೆ. ಹೆಡ್ ತಾನೆಲ್ಲಿದ್ದೇನೆ ಎಂದು ತಿಳಿಯುವುದು ಅದರ ಮೇಲಿನ ಸಣ್ಣ ಗೆರೆಗಳಿಂದ. ಅಲ್ಲೊಂದು ಶಾಯಿ ಚುಕ್ಕೆಯೋ ಗ್ರೀಸೋ ಕೂತರೆ ಲೆಕ್ಕ ತಪ್ಪುತ್ತದೆ. ಪ್ಲಗ್ ತೆಗೆದು, ನೂಲು ಬಿಡದ ಬಟ್ಟೆಯನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಒದ್ದೆ ಮಾಡಿ ಹಿಂಡಿ, ಪಟ್ಟಿಯನ್ನು ಎಳೆಯದೆ ಮೆತ್ತಗೆ ಒರೆಸಿ. ಥಿನ್ನರ್ ಮುಟ್ಟಿಸಿದರೆ ಪಟ್ಟಿಯೇ ಹಾಳಾಗುತ್ತದೆ.

ಮಂಡ್ಯದಲ್ಲಿ ಪಟ್ಟಿಯ ತಂಟೆಗೆ ಹೋಗಬೇಕಾಗಲಿಲ್ಲ. Bidirectional ಟಿಕ್ ಮತ್ತೆ ಹಾಕಿ ಬಿಲ್ ಫಾರಂ ತೆಗೆದೆವು. ಕಾಲಂ ಗೆರೆ ಒಂದೇ ಒಂದು. ‘ಮೊತ್ತ’ದ ಒತ್ತು ಬಿಡಿಸಿ ಬರೆದ ಹಾಗೆ ಕಾಣುತ್ತಿತ್ತು.