ಪಿಎಫ್ ಪಾಸ್‌ಬುಕ್‌ನಲ್ಲಿ ಕಾಣೆಯಾದ ಎರಡು ತಿಂಗಳು: ಹುಡುಕುವುದು ಹೇಗೆ?

ನನ್ನ ಅಕ್ಕನ ಮಗಳು ಮಂಜೇಶ್ವರದಿಂದ ದಿನಾ ರೈಲಿನಲ್ಲಿ ಮಂಗಳೂರಿಗೆ ಹೋಗಿ ಒಂದು ಅಂಗಡಿಯ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ಪಿಎಫ್ ಎಷ್ಟಾಗಿದೆ ಅಂತ ಕೇಳಿದರೆ ಮೊಬೈಲ್ ತೋರಿಸುತ್ತಿದ್ದಳು. EPFOHO UAN KAN ಅಂತ 7738299899 ನಂಬರಿಗೆ ಮೆಸೇಜ್ ಕಳಿಸಿದರೆ ಕನ್ನಡದಲ್ಲೇ ಉತ್ತರ ಬರುತ್ತದೆ, ಅದು ನಿಜಕ್ಕೂ ಒಳ್ಳೆಯ ಸೌಲಭ್ಯ. ಆದರೆ ಅದರಲ್ಲಿ ಬರುವುದು ಒಟ್ಟು ಮೊತ್ತ ಮತ್ತು ಕೊನೆಯ ಕಂತು ಮಾತ್ರ. ನಡುವೆ ಒಂದು ತಿಂಗಳು ತಪ್ಪಿಹೋಗಿದ್ದರೆ ಅದು ಹೇಳುವುದಿಲ್ಲ. ಅವಳಿಗೆ ಆಗಿದ್ದೂ ಅದೇ.

ಹಾಗಾಗಿ ಪಾಸ್‌ಬುಕ್ಕನ್ನೇ ತೆಗೆಯಿರಿ. passbook.epfindia.gov.in ನಲ್ಲಿ ಯುಎಎನ್, ಅಂದರೆ ಕೆಲಸ ಬದಲಿಸಿದರೂ ಬದಲಾಗದ ನಿಮ್ಮ ಪಿಎಫ್ ನಂಬರ್, ಮತ್ತು ಪಾಸ್‌ವರ್ಡ್ ಹಾಕಿದರೆ ಸಿಗುತ್ತದೆ, ಉಮಂಗ್ ಆ್ಯಪ್‌ನಲ್ಲೂ ಇದೆ. ಮೊಬೈಲಿನ ಸಣ್ಣ ಪರದೆಯಲ್ಲಿ ನೋಡುವುದಕ್ಕಿಂತ ಅಕ್ಷಯ ಕೇಂದ್ರದಲ್ಲಿ ಪ್ರಿಂಟ್ ತೆಗೆಸಿ, ಪೆನ್ನು ಹಿಡಿದು ಕೂತರೆ ಒಳ್ಳೆಯದು. ಪಕ್ಕದಲ್ಲಿ ಆ ವರ್ಷದ ಸಂಬಳ ಚೀಟಿಗಳಿರಲಿ. ಕೆಲಸ ಬದಲಿಸಿದ್ದರೆ ಪ್ರತಿ ಕೆಲಸಕ್ಕೂ ಬೇರೆ ಮೆಂಬರ್ ಐಡಿ, ಬೇರೆ ಪಾಸ್‌ಬುಕ್ ಇರುತ್ತದೆ. ಕೆಲವು ದೊಡ್ಡ ಕಂಪನಿಗಳು ಪಿಎಫ್ ಹಣವನ್ನು ತಮ್ಮದೇ ಟ್ರಸ್ಟಿನಲ್ಲಿ ಇಡುತ್ತವೆ. ಅಂಥವರು ಲೆಕ್ಕವನ್ನು ಟ್ರಸ್ಟಿನಿಂದಲೇ ಕೇಳಬೇಕು.

ಮೊದಲು ಒಂದೇ ಒಂದು ಸಾಲನ್ನು ನೋಡಿ. ಅದರಲ್ಲಿ ಮೂರು ಮೊತ್ತ ಇರುತ್ತದೆ: ನಿಮ್ಮ ಪಾಲು, ಮಾಲೀಕರ ಪಾಲು, ಪಿಂಚಣಿ. ನಮ್ಮ ಹುಡುಗಿಯ ಮೂಲ ವೇತನ ಮತ್ತು ಡಿಎ ಸೇರಿ 12,000 ರೂಪಾಯಿ. ಅವಳ ಪಾಲು ಶೇ 12, ಅಂದರೆ 1,440. ಮಾಲೀಕರ ಪಾಲು ಅಂತ ಇರುವ ಕಡೆ ಬರೀ 440 ಇತ್ತು. "ಮಾವ, ಇವರು ಸಾವಿರ ರೂಪಾಯಿ ನುಂಗಿದ್ದಾರಾ?" ಅಂತ ಕೇಳಿದಳು. ಇಲ್ಲ. ಮಾಲೀಕರೂ ಶೇ 12 ಕಟ್ಟುತ್ತಾರೆ, ಆದರೆ ಅದರಲ್ಲಿ ಶೇ 8.33 ಪಿಂಚಣಿ ಖಾತೆಗೆ ಹೋಗುತ್ತದೆ, ಅವಳ ಲೆಕ್ಕದಲ್ಲಿ 1,000. ಉಳಿದ 440 ಮಾತ್ರ ಪಿಎಫ್‌ಗೆ ಬರುತ್ತದೆ. ಹಾಗಾಗಿ 440ಕ್ಕೆ 1,000 ಕೂಡಿಸಿದಾಗ 1,440 ಬಂದರೆ ಸಾಲು ಸರಿ ಇದೆ. ಪಿಂಚಣಿಗೆ 15,000 ವೇತನದ ಮಿತಿ ಇದೆ, ಸಾಮಾನ್ಯವಾಗಿ 1,250ಕ್ಕಿಂತ ಜಾಸ್ತಿ ಹೋಗುವುದಿಲ್ಲ. 58 ದಾಟಿದವರಿಗೆ, ಮತ್ತು 2014ರ ಸೆಪ್ಟೆಂಬರ್ ನಂತರ 15,000ಕ್ಕಿಂತ ಹೆಚ್ಚಿನ ವೇತನದಲ್ಲಿ ಮೊದಲ ಬಾರಿ ಸೇರಿದವರಿಗೆ ಪಿಂಚಣಿ ಕಾಲಂ ಸೊನ್ನೆ ಇರುತ್ತದೆ, ಆಗ ಪೂರ್ತಿ ಹಣ ಮಾಲೀಕರ ಪಾಲಿನಲ್ಲೇ ಕಾಣಬೇಕು. ನಮ್ಮ ಕಡೆ ಬೀಡಿ ಕೆಲಸದವರು ತುಂಬಾ ಇದ್ದಾರಲ್ವಾ, ಬೀಡಿ ಉದ್ಯಮಕ್ಕೆ ದರವೇ ಶೇ 10. ಅವರಿಗೆ 10,000ಕ್ಕೆ ತಮ್ಮ ಪಾಲು 1,000, ಪಿಂಚಣಿ 833, ಮಾಲೀಕರ ಪಾಲು 167 ಬಂದರೆ ಮೋಸ ಅಂದುಕೊಳ್ಳಬೇಡಿ.

ಅದೇ ಸಾಲಿನಲ್ಲಿ ವೇತನ ಎಷ್ಟು ಅಂತ ತೋರಿಸಿದ್ದಾರೆ ಅನ್ನುವುದನ್ನೂ ಚೀಟಿಯ ಜೊತೆ ಹೋಲಿಸಿ. ಸಂಬಳವಿಲ್ಲದ ರಜೆ ಹಾಕಿದ್ದರೆ ಕಡಿಮೆ ಇರುವುದು ಸಹಜ. ರಜೆ ಇಲ್ಲದೆಯೂ ಪ್ರತಿ ತಿಂಗಳು ಕಡಿಮೆ ಇದ್ದರೆ ಕೇಳಲೇಬೇಕು.

ಈಗ ತಿಂಗಳುಗಳನ್ನು ಎಣಿಸಿ. ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಒಂದು ತಿಂಗಳ ಸಂಬಳದ ಪಿಎಫ್ ಕಟ್ಟಲು ಮಾಲೀಕರಿಗೆ ಮುಂದಿನ ತಿಂಗಳ 15ರವರೆಗೆ ಸಮಯ ಇರುತ್ತದೆ. ಅದಕ್ಕೇ ಪಾಸ್‌ಬುಕ್‌ನಲ್ಲಿ Cont. For Due-Month 082024 ಅಂತ ಇದ್ದರೆ ಅದು ಜುಲೈ ಸಂಬಳದ್ದು, ಆಗಸ್ಟಿನದ್ದಲ್ಲ. ವರ್ಷದ ಮೊದಲ ಸಾಲು ಮಾರ್ಚ್ ಸಂಬಳದ್ದು, ಕೊನೆಯದು ಮುಂದಿನ ಫೆಬ್ರವರಿಯದ್ದು. ಒಟ್ಟು ಹನ್ನೆರಡು ಸಾಲು ಇರಬೇಕು. ಅವಳ 2024-25ರ ಪಾಸ್‌ಬುಕ್‌ನಲ್ಲಿ ಹತ್ತೇ ಇತ್ತು. 072024ರ ನಂತರ ನೇರವಾಗಿ 102024. ಅಂದರೆ ಜುಲೈ, ಆಗಸ್ಟ್ ಸಂಬಳದ ಪಿಎಫ್ ಬಂದೇ ಇಲ್ಲ, ಆದರೆ ಆ ಎರಡೂ ಚೀಟಿಗಳಲ್ಲಿ 1,440 ಹಿಡಿದದ್ದು ಸ್ಪಷ್ಟವಾಗಿ ಬರೆದಿದೆ.

ಬಡ್ಡಿಯಿಂದಲೂ ಇದನ್ನೇ ಹಿಡಿಯಬಹುದು. ಬಡ್ಡಿಯ ಲೆಕ್ಕ ತಿಂಗಳಿಗೊಮ್ಮೆ ಆಗುತ್ತದೆ, ಜಮೆ ವರ್ಷಕ್ಕೊಮ್ಮೆ. ಅದೂ ಸರ್ಕಾರ ದರವನ್ನು ಒಪ್ಪಿದ ಮೇಲೆ, ಅಂದರೆ ವರ್ಷ ಮುಗಿದು ಕೆಲವು ತಿಂಗಳಾದ ಮೇಲೆ. ಆದ್ದರಿಂದ ಏಪ್ರಿಲ್‌ನಲ್ಲಿ ಬಡ್ಡಿ ಸಾಲು ಕಾಣದಿದ್ದರೆ ಗಾಬರಿ ಬೇಡ. ಬಂದಾಗ Int. Updated upto 31/03/2025 ಅಂತ ತೋರಿಸುತ್ತದೆ, ತಡವಾದರೂ ಹಣ ಕಡಿಮೆಯಾಗುವುದಿಲ್ಲ. ಹಿಂದಿನ ವರ್ಷಗಳ ಸಾಲು ಖಾಲಿ ಇದ್ದರೆ ಮಾತ್ರ ದೂರು ಕೊಡಿ.

ಬಡ್ಡಿ ಸರಿಯೇ ಅಂತ ನೋಡಲು ಒಂದು ಸುಲಭದ ಲೆಕ್ಕ ಇದೆ. ಮೊದಲ ಕಂತಿಗೆ 11 ತಿಂಗಳ ಬಡ್ಡಿ, ಎರಡನೆಯದಕ್ಕೆ 10, ಹೀಗೆ ಇಳಿಯುತ್ತಾ ಕೊನೆಯದಕ್ಕೆ ಏನೂ ಇಲ್ಲ. ಎಲ್ಲ ಕೂಡಿದರೆ ಒಂದು ತಿಂಗಳ ಕಂತಿನ ಐದೂವರೆ ಪಟ್ಟು ಹಣ ಇಡೀ ವರ್ಷ ಇದ್ದ ಹಾಗೆ. ಹಣ ತೆಗೆಯದೆ, ಕಂತು ಒಂದೇ ಸಮನಾಗಿದ್ದರೆ ಇಷ್ಟೇ ಸಾಕು:

```
(ಆರಂಭದ ಮೊತ್ತ + 5.5 × ತಿಂಗಳ ಕಂತು) × ಬಡ್ಡಿ ದರ
(80000 + 5.5 × 1880) × 0.0825 = 7453
```

80,000 ಅವಳ ವರ್ಷದ ಆರಂಭದ ಮೊತ್ತ. 1,880 ಅಂದರೆ 1,440 ಮತ್ತು 440, ಪಿಂಚಣಿಯ 1,000ಕ್ಕೆ ಬಡ್ಡಿ ಇಲ್ಲ, ಅದನ್ನು ಸೇರಿಸಬಾರದು. 2024-25ರ ದರ ಶೇ 8.25. ಅವಳ ಪಾಸ್‌ಬುಕ್‌ನಲ್ಲಿ ಎರಡೂ ಪಾಲಿನ ಬಡ್ಡಿ ಕೂಡಿಸಿದರೆ 7,285 ಇತ್ತು. ಎರಡು ಮೂರು ರೂಪಾಯಿ ಹೆಚ್ಚುಕಡಿಮೆ ಬರಬಹುದು, 168 ಬರುವುದಿಲ್ಲ. ತಪ್ಪಿದ ಎರಡು ಕಂತಿಗೆ ಸಿಗಬೇಕಿದ್ದ 7 ಮತ್ತು 6 ತಿಂಗಳ ಬಡ್ಡಿಯೇ ಈ 168.

ಕೊರತೆ ಗೊತ್ತಾದ ಮೇಲೆ ಜಗಳಕ್ಕೆ ಹೋಗುವ ಮೊದಲು ಇನ್ನೊಂದು ಕೆಲಸ ಮಾಡಿ. ಇಪಿಎಫ್‌ಒ ವೆಬ್‌ಸೈಟಿನಲ್ಲಿ Establishment Search ಅಂತ ಇದೆ, ಪಾಸ್‌ವರ್ಡ್ ಬೇಡ. ಮೆಂಬರ್ ಐಡಿಯ ಮೊದಲ ಐದು ಅಕ್ಷರಗಳ ನಂತರ ಬರುವ ಏಳು ಅಂಕಿ ಕಂಪನಿಯ ಕೋಡ್, ಅದನ್ನು ಹಾಕಿ View Payment Details ಒತ್ತಿದರೆ ಕಂಪನಿ ಯಾವ ತಿಂಗಳು ಎಷ್ಟು ಜನರಿಗೆ ಹಣ ಕಟ್ಟಿದೆ ಅಂತ ಕಾಣುತ್ತದೆ. ಆ ತಿಂಗಳು ಯಾರಿಗೂ ಕಟ್ಟಿಲ್ಲ ಅಂದರೆ ಮಾಲೀಕರು ಬಾಕಿ ಉಳಿಸಿಕೊಂಡಿದ್ದಾರೆ. ಉಳಿದವರಿಗೆ ಕಟ್ಟಿ ನಿಮ್ಮದು ಮಾತ್ರ ಇಲ್ಲದಿದ್ದರೆ ಹೆಸರು ಬಿಟ್ಟುಹೋಗಿದೆ. ಹೊಸದಾಗಿ ಸೇರಿದವರಿಗೆ ಇದು ಆಗುವುದು ಹೆಚ್ಚಾಗಿ ಆಧಾರ್ ಜೋಡಣೆ ಇಲ್ಲದ್ದರಿಂದ. ಕಾಸರಗೋಡಿನ ದಾಖಲೆಗಳಲ್ಲಿ ನಮ್ಮ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಒಂದು ಕಡೆ i, ಇನ್ನೊಂದು ಕಡೆ y, ಇನಿಷಿಯಲ್ ಒಮ್ಮೆ ಹಿಂದೆ ಒಮ್ಮೆ ಮುಂದೆ ಇರುತ್ತದಲ್ವಾ, ಅದೇ ಅಡ್ಡ ಬರುತ್ತದೆ.

ನಮ್ಮ ಹುಡುಗಿ ಆ ಜುಲೈಯಲ್ಲಿ ಒಂದು ಶಾಖೆಯಿಂದ ಇನ್ನೊಂದಕ್ಕೆ ಹೋಗಿದ್ದಳು. ಹಳೆಯ ಶಾಖೆಯ ಪಟ್ಟಿಯಿಂದ ಹೆಸರು ತೆಗೆದರು, ಹೊಸದಕ್ಕೆ ಎರಡು ತಿಂಗಳು ಸೇರಿಸಲೇ ಇಲ್ಲ. ಫೋನಿನಲ್ಲಿ ಕೇಳಿದರೆ "ಚಲನ್ ಕಟ್ಟಿದ್ದೇವಮ್ಮಾ" ಅಂದರು. ಚಲನ್ ಕಟ್ಟಿದ್ದು ನಿಜ, ಅದರಲ್ಲಿ ಇವಳಿರಲಿಲ್ಲ ಅಷ್ಟೆ. ಹಾಗಾಗಿ ಚಲನ್ ಕೇಳಬೇಡಿ. ಯಾರಿಗೆ ಎಷ್ಟು ಪಿಎಫ್ ಅಂತ ಮಾಲೀಕರು ಪ್ರತಿ ತಿಂಗಳು ಆನ್‌ಲೈನ್‌ನಲ್ಲಿ ಕೊಡುವ ಪಟ್ಟಿಗೆ ಇಸಿಆರ್ ಅನ್ನುತ್ತಾರೆ, ಆ ತಿಂಗಳ ಇಸಿಆರ್‌ನಲ್ಲಿ ನಿಮ್ಮ ಹೆಸರಿರುವ ಸಾಲಿನ ಪ್ರತಿ ಕೇಳಿ. ಇಮೇಲ್‌ನಲ್ಲೇ ಕೇಳಿ, ಚೀಟಿಗಳ ಫೋಟೊ ಮತ್ತು ಬಾಕಿ ಮೊತ್ತ ಬರೆಯಿರಿ. ಅವಳ ಬಾಕಿ ಪಿಎಫ್‌ಗೆ 3,760, ಪಿಂಚಣಿಗೆ 2,000.

ಉತ್ತರ ಬರದಿದ್ದರೆ epfigms.gov.in ನಲ್ಲಿ ದೂರು ಹಾಕಿ, ಚೀಟಿ ಮತ್ತು ಪಾಸ್‌ಬುಕ್ ಲಗತ್ತಿಸಿ. ದೂರು ಹೋಗುವುದು ನಿಮ್ಮ ಪಿಎಫ್ ಖಾತೆ ಇರುವ ಕಚೇರಿಗೆ, ನೀವು ಕಾಸರಗೋಡಿನಲ್ಲಿದ್ದೀರಿ ಅಂತ ಇಲ್ಲಿನ ಕಚೇರಿಗೆ ಬರುವುದಿಲ್ಲ. ಎದುರು ಕೂತು ಹೇಳಬೇಕು ಅನ್ನಿಸಿದರೆ ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ನಡೆಯುವ ನಿಧಿ ಆಪ್ಕೆ ನಿಕಟ್ ಶಿಬಿರಕ್ಕೆ ಹೋಗಬಹುದು.

ಅವಳ ಪ್ರಕರಣ ದೂರಿನವರೆಗೆ ಹೋಗಲಿಲ್ಲ. ಇಮೇಲ್ ನೋಡಿದ ಮೇಲೆ ಅಂಗಡಿಯವರು ಆ ಎರಡು ತಿಂಗಳಿಗೆ ಬೇರೆ ಇಸಿಆರ್ ಹಾಕಿದರು. ಈಗ ಪಾಸ್‌ಬುಕ್‌ನಲ್ಲಿ ತಿಂಗಳು ಹಳೆಯದು, ಜಮೆಯಾದ ದಿನಾಂಕ ಹೊಸದು ಇರುವ ಎರಡು ಸಾಲು ಬಂದಿವೆ. ಎರಡರಲ್ಲೂ 1,440, 440, 1,000. ಆ ಎರಡು ಚೀಟಿಗಳನ್ನು ಮುಂದಿನ ಬಡ್ಡಿ ಸಾಲು ಬರುವವರೆಗೆ ತೆಗೆದಿಡಲು ಹೇಳಿದ್ದೇನೆ, ಆ 168 ರೂಪಾಯಿಯದ್ದು ಇನ್ನೂ ನೋಡಬೇಕಿದೆ.