ಕೊಟ್ಟಿಗೆಯ ಹಸು, ಹೊಲದ ಬೆಳೆ: ವರ್ಷದ ಕೊನೆಯಲ್ಲಿ ಬೆಲೆ ಕಟ್ಟುವುದು ಹೇಗೆ?

ಟ್ರ್ಯಾಕ್ಟರ್ ಕೊಂಡರೆ ಕೊಟ್ಟ ಹಣವನ್ನು ಆಸ್ತಿ ಎಂದು ಬರೆದು ವರ್ಷ ವರ್ಷವೂ ಸವಕಳಿ ಕಳೆಯುತ್ತಾ ಹೋದರೆ ಸಾಕು. ಕೊಟ್ಟಿಗೆಯಲ್ಲೇ ಹುಟ್ಟಿದ ಕರುವಿಗೆ ಹೀಗೆ ಬರೆಯಲು ಖರೀದಿ ಬೆಲೆಯೇ ಇಲ್ಲ. ಅದು ಕಡಸಾಗಿ, ಗಬ್ಬವಾಗಿ, ಹಾಲು ಕೊಡಲು ತೊಡಗುವಷ್ಟರಲ್ಲಿ ಅದರ ಬೆಲೆ ಹಲವು ಪಟ್ಟು ಏರಿರುತ್ತದೆ. ಅಷ್ಟೂ ಕಾಲ ಪುಸ್ತಕದಲ್ಲಿ ಮೇವಿನ ಖರ್ಚು ಮಾತ್ರ ಕಾಣುತ್ತಿದ್ದರೆ, ಚೆನ್ನಾಗಿ ನಡೆಯುತ್ತಿರುವ ಹೈನು ಘಟಕವೂ ನಷ್ಟದಲ್ಲಿರುವಂತೆ ತೋರುತ್ತದೆ. ಈ ಕೊರತೆಯನ್ನು ತುಂಬಲು ಬಂದದ್ದು ಐಎಎಸ್ 41 ಎಂಬ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ. 2000ದಲ್ಲಿ ರೂಪುಗೊಂಡು 2003ರಿಂದ ಜಾರಿಗೆ ಬಂದ ಇದರ ತಿರುಳು ಒಂದೇ ಸಾಲಿನದು: ಜೀವವಿರುವ ಪ್ರಾಣಿಯನ್ನೂ ಬೆಳೆಯುತ್ತಿರುವ ಪೈರನ್ನೂ ನ್ಯಾಯೋಚಿತ ಮೌಲ್ಯದಲ್ಲಿ ಮಾರಾಟ ವೆಚ್ಚವನ್ನು ಕಳೆದು ತೋರಿಸಬೇಕು, ಆ ಮೌಲ್ಯದ ಏರಿಳಿತವನ್ನು ಆಯಾ ವರ್ಷದ ಲಾಭ-ನಷ್ಟಕ್ಕೆ ತರಬೇಕು.

ಒಂದು ಸಣ್ಣ ಹಿಂಡಿನ ಒಂದು ವರ್ಷದ ಲೆಕ್ಕವನ್ನು ಪೂರ್ತಿಯಾಗಿ ಮಾಡಿ ನೋಡೋಣ. ಮೊತ್ತಗಳು ಸಾವಿರಗಳಲ್ಲಿವೆ, ಯಾವ ನಾಣ್ಯವನ್ನಾದರೂ ಊಹಿಸಿಕೊಳ್ಳಬಹುದು, ಲೆಕ್ಕದ ಕ್ರಮ ಬದಲಾಗುವುದಿಲ್ಲ.

ಮೊದಲು ತಲೆ ಎಣಿಕೆ

ಬೆಲೆಯ ಮಾತಿಗೆ ಮುನ್ನ ಹಿಂಡನ್ನು ಗುಂಪುಗಳಾಗಿ ವಿಂಗಡಿಸಿಕೊಳ್ಳಬೇಕು: ಕರುಗಳು, ಕಡಸುಗಳು, ಗಬ್ಬದ ಕಡಸುಗಳು, ಎಷ್ಟನೆಯ ಸೂಲು ಎಂಬುದರ ಪ್ರಕಾರ ಹಾಲು ಕೊಡುವ ಹಸುಗಳು. ಮಾರುಕಟ್ಟೆಯಲ್ಲಿ ಬೆಲೆ ಯಾವ ಲಕ್ಷಣಗಳನ್ನು ನೋಡಿ ನಿಗದಿಯಾಗುತ್ತದೆಯೋ ಅವೇ ಲಕ್ಷಣಗಳ ಮೇಲೆ ಗುಂಪು ಮಾಡಬೇಕು. ನನ್ನ ಮಟ್ಟಿಗೆ ಈ ಇಡೀ ಲೆಕ್ಕದಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲೇ. ಬೆಲೆಯ ಬಗ್ಗೆ ಲೆಕ್ಕಪರಿಶೋಧಕರು ಹತ್ತು ಪ್ರಶ್ನೆ ಕೇಳುತ್ತಾರೆ. ಕಳೆದ ವರ್ಷದ ಕಡಸು ಈ ವರ್ಷವೂ ಕಡಸುಗಳ ಸಾಲಿನಲ್ಲೇ ಉಳಿದುಬಿಟ್ಟಿರುವುದನ್ನು ಗಮನಿಸುವವರು ಕಡಿಮೆ.

ನಮ್ಮ ಹಿಂಡಿನಲ್ಲಿ ವರ್ಷದ ಆರಂಭಕ್ಕೆ 10 ಹಾಲು ಕೊಡುವ ಹಸುಗಳು, ಒಂದು ವರ್ಷದ 4 ಕಡಸುಗಳು ಇದ್ದವು. ವರ್ಷದ ನಡುವೆ ಒಂದು ಹಸುವನ್ನು ಕೊಂಡರು, ಒಂದನ್ನು ಮಾರಿದರು, 3 ಹೆಣ್ಣು ಕರುಗಳು ಹುಟ್ಟಿದವು. ಕೊನೆಯಲ್ಲಿ 10 ಹಸು, 4 ಕಡಸು, 3 ಕರು ಇರಬೇಕು. ಕಿವಿಯೋಲೆ ಸಂಖ್ಯೆಗಳ ಪಟ್ಟಿಯನ್ನು ಹಿಡಿದು ಕೊಟ್ಟಿಗೆಯಲ್ಲಿ ಎಣಿಸಿದಾಗಲೂ ಅಷ್ಟೇ ಸಿಗಬೇಕು. ಸಿಗದಿದ್ದರೆ ಬರೆಯದೆ ಬಿಟ್ಟ ಸಾವೋ ಮಾರಾಟವೋ ಇದ್ದೇ ಇದೆ ಎಂದು ತಿಳಿಯಬೇಕು.

ಒಂದು ಹಸುವಿನ ಮೌಲ್ಯ

ಎರಡನೆಯ ಸೂಲಿನ ಹಸು ಮಾರುಕಟ್ಟೆಯಲ್ಲಿ 64ಕ್ಕೆ ಹೋಗುತ್ತದೆ ಎನ್ನಿ. ಅದನ್ನು ಅಲ್ಲಿಗೆ ಸಾಗಿಸಲು 2 ಬೇಕು. ಹಸು ಇರುವುದು ಕೊಟ್ಟಿಗೆಯಲ್ಲಿ, ಮಾರುಕಟ್ಟೆಯಲ್ಲಲ್ಲ; ಆದ್ದರಿಂದ ಸಾಗಣೆ ಖರ್ಚು ಕಳೆದು ಉಳಿದ 62 ಅದರ ನ್ಯಾಯೋಚಿತ ಮೌಲ್ಯ. ದಲ್ಲಾಳಿಯ ಕಮಿಷನ್ ಮತ್ತು ಮಾರುಕಟ್ಟೆ ಶುಲ್ಕ ಸೇರಿ ಇನ್ನೊಂದು 2. ಇದು ಮಾರಾಟ ವೆಚ್ಚ. ಇದನ್ನೂ ಕಳೆದರೆ 60, ಪುಸ್ತಕಕ್ಕೆ ಹೋಗುವ ಮೊತ್ತ. ಸಾಲದ ಬಡ್ಡಿಯಾಗಲಿ ಆದಾಯ ತೆರಿಗೆಯಾಗಲಿ ಮಾರಾಟ ವೆಚ್ಚದಲ್ಲಿ ಸೇರುವುದಿಲ್ಲ. ಸಾಗಣೆಯನ್ನು ಎರಡು ಕಡೆಯೂ ಕಳೆದು 58 ಎಂದು ಬರೆಯುವ ತಪ್ಪು ಸಾಮಾನ್ಯ. ಹಾಗೆಂದೇ ಪ್ರತಿ ಗುಂಪಿಗೂ ಈ ಮೂರು ಅಂಕಿಗಳನ್ನು ಬೇರೆ ಬೇರೆಯಾಗಿ ಬರೆದಿಡುವುದು ಒಳ್ಳೆಯದು.

ಕಡಸಿನ ನಿವ್ವಳ ಮೌಲ್ಯ 25. ಆರಂಭದಲ್ಲಿ ಹಿಂಡಿನ ಒಟ್ಟು ಮೌಲ್ಯ 600 ಮತ್ತು 100 ಸೇರಿ 700.

ವರ್ಷದ ನಡುವಿನ ಘಟನೆಗಳು

ಹೊಸ ಹಸುವಿಗೆ 65 ಕೊಟ್ಟರು. ಅದೇ ದಿನ ಅದನ್ನು ಮತ್ತೆ ಮಾರಬೇಕಾದರೆ ಸಾಗಣೆ, ಕಮಿಷನ್ ಕಳೆದು ಕೈಗೆ ಬರುವುದು 61. ಹೀಗಾಗಿ ಕೊಂಡ ದಿನವೇ 4 ನಷ್ಟ ಬರೆಯಬೇಕಾಗುತ್ತದೆ. ಇದು ವ್ಯಾಪಾರದಲ್ಲಿ ಮೋಸಹೋದ ಲಕ್ಷಣವಲ್ಲ, ಈ ಪದ್ಧತಿಯ ಸಹಜ ಪರಿಣಾಮ. ಕರು ಹುಟ್ಟಿದಾಗ ಇದರ ತಿರುವುಮುರುವು: ಖರ್ಚಿಲ್ಲದೆ ಆಸ್ತಿಯೊಂದು ಬಂದಿರುತ್ತದೆ, ಅದರ ಮೌಲ್ಯ ನೇರವಾಗಿ ಲಾಭ.

ಮಾರಿದ ಹಸುವಿನ ವಿಷಯದಲ್ಲಿ ನಿಧಾನಿಸಬೇಕು. ಆರಂಭದಲ್ಲಿ 60 ಇದ್ದ ಆ ಹಸುವಿಗೆ ಕೆಚ್ಚಲು ಬಾವು ಬಂದು ಹಾಲು ಇಳಿಯಿತು. ನಿವ್ವಳ 58ಕ್ಕೆ ಮಾರಿದರು. ಮೊದಲು ಮಾರಿದ ದಿನದ ಮೌಲ್ಯಕ್ಕೆ ಇಳಿಸಿ 2 ನಷ್ಟ ಬರೆಯಬೇಕು, ಆಮೇಲೆ 58ನ್ನು ಹಿಂಡಿನಿಂದ ಹೊರಗೆ ತೆಗೆಯಬೇಕು. ಹೀಗೆ ಮಾಡಿದಾಗ ಮಾರಾಟದಿಂದಲೇ ಬಂದ ಲಾಭ ಅಥವಾ ನಷ್ಟ ಎಂಬುದು ಹೆಚ್ಚುಕಡಿಮೆ ಉಳಿಯುವುದಿಲ್ಲ. ವರ್ಷ ವರ್ಷವೂ ಮಾರಾಟದಲ್ಲಿ ದೊಡ್ಡ ಲಾಭ ಕಾಣಿಸುತ್ತಿದ್ದರೆ ಪುಸ್ತಕದ ಬೆಲೆಗಳು ಮಾರುಕಟ್ಟೆಗಿಂತ ಕೆಳಗಿವೆ ಎಂದರ್ಥ.

ಬೆಲೆ ಏರಿತೋ, ಹಸು ಬೆಳೆಯಿತೋ?

ವರ್ಷದ ಕೊನೆಗೆ ಎರಡನೆಯ ಸೂಲಿನ ಹಸುವಿನ ನಿವ್ವಳ ಬೆಲೆ 66ಕ್ಕೆ ಏರಿತ್ತು. ಆದರೆ ನಮ್ಮ ಹಸುಗಳು ಆ ಹೊತ್ತಿಗೆ ಮೂರನೆಯ ಸೂಲಿಗೆ ಬಂದಿದ್ದವು. ಅಂಥವುಗಳ ಬೆಲೆ 62. ಪ್ರತಿ ಹಸುವಿನ ಮೇಲೆ ಕಾಣುವ 2 ಲಾಭದ ಒಳಗೆ ಎರಡು ಸಂಗತಿಗಳಿವೆ: ಮಾರುಕಟ್ಟೆ 6 ಕೊಟ್ಟಿತು, ವಯಸ್ಸು 4 ಕಸಿದುಕೊಂಡಿತು. ಕಡಸುಗಳದ್ದು ಬೇರೆಯೇ ಕಥೆ. ಒಂದು ವರ್ಷದ ಕಡಸಿನ ಬೆಲೆ 25ರಿಂದ 27ಕ್ಕೆ ಏರಿದ್ದರೆ, ನಮ್ಮ ಕಡಸುಗಳು ಗಬ್ಬವಾಗಿ 48ರ ಮೌಲ್ಯಕ್ಕೆ ಬಂದಿದ್ದವು. ಇಲ್ಲಿ ಬೆಲೆಯಿಂದ 2, ಬೆಳವಣಿಗೆಯಿಂದ 21.

ಈ ವಿಂಗಡಣೆಯನ್ನು ಮಾನದಂಡ ಪ್ರೋತ್ಸಾಹಿಸುತ್ತದೆ, ಕಡ್ಡಾಯ ಮಾಡಿಲ್ಲ. ಕಡ್ಡಾಯವಲ್ಲದಿದ್ದರೂ ಮಾಡಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಳವಣಿಗೆಯಿಂದ ಬಂದದ್ದು ಸಾಕಾಣಿಕೆಯ ಫಲ. ಬೆಲೆಯಿಂದ ಬಂದದ್ದು ಮುಂದಿನ ತಿಂಗಳೇ ಹಿಂದಿರುಗಿ ಹೋಗಬಹುದು. ಸಾಲ ಕೊಡುವವರಿಗೂ ಪಾಲುದಾರರಿಗೂ ಇವೆರಡೂ ಒಂದೇ ಅಲ್ಲ.

ಬೆಲೆಯ ಪಾಲು: ಉಳಿದ 9 ಹಸುಗಳಿಂದ 54, ಕಡಸುಗಳಿಂದ 8, ಕೊಂಡ ಹಸು ಅದೇ ಸೂಲಿನಲ್ಲೇ ಇದ್ದು 64ಕ್ಕೆ ಏರಿದ್ದರಿಂದ 3, ಮಾರಿದ ಹಸುವಿನಂಥವುಗಳ ಬೆಲೆ ಮಾರುವ ದಿನದ ಹೊತ್ತಿಗೆ 63 ಆಗಿದ್ದರಿಂದ 3; ಒಟ್ಟು 68. ಬೆಳವಣಿಗೆಯ ಪಾಲು: ಹಸುಗಳಿಂದ 36 ಇಳಿಕೆ, ಕಡಸುಗಳಿಂದ 84 ಏರಿಕೆ, ತಲಾ 13 ಬೆಲೆಯ ಮೂರು ಕರುಗಳಿಂದ 39, ಕೆಚ್ಚಲು ಬಾವಿನಿಂದ 5 ಇಳಿಕೆ, ಒಟ್ಟು 82. ಈಗ ಎಲ್ಲವನ್ನೂ ಜೋಡಿಸಿದರೆ:

ಆರಂಭದ ಮೌಲ್ಯ: 700
ಖರೀದಿ: + 65
ಕೊಂಡ ದಿನದ ನಷ್ಟ: − 4
ಬೆಲೆಯ ಬದಲಾವಣೆ: + 68
ಹುಟ್ಟು ಮತ್ತು ಬೆಳವಣಿಗೆ: + 82
ಮಾರಾಟ: − 58
ಕೊನೆಯ ಮೌಲ್ಯ: 853

ಇದನ್ನು ಇನ್ನೊಂದು ದಾರಿಯಿಂದ ತಾಳೆ ನೋಡಬೇಕು. 9 ಹಸುಗಳು 558, ಕೊಂಡ ಹಸು 64, ಕಡಸುಗಳು 192, ಕರುಗಳು 39, ಕೂಡಿದರೆ 853. ಲಾಭ-ನಷ್ಟ ಪಟ್ಟಿಗೆ ಹೋಗುವುದು 68, 82 ಕೂಡಿ 4 ಕಳೆದ 146.

ಹಾಲು ಮತ್ತು ಮೇವು

ಕೆಚ್ಚಲಿನಲ್ಲಿರುವ ಹಾಲಿಗೆ ಪ್ರತ್ಯೇಕ ಲೆಕ್ಕವಿಲ್ಲ, ಅದು ಹಸುವಿನ ಬೆಲೆಯಲ್ಲೇ ಸೇರಿದೆ. ಕರೆದ ಕ್ಷಣ ಅದು ಕೃಷಿ ಉತ್ಪನ್ನ. ಆ ಹೊತ್ತಿನ ನ್ಯಾಯೋಚಿತ ಮೌಲ್ಯದಲ್ಲಿ ಮಾರಾಟ ವೆಚ್ಚ ಕಳೆದು ಲಾಭಕ್ಕೆ ತಂದುಕೊಳ್ಳಬೇಕು, ಅಲ್ಲಿಂದ ಮುಂದೆ ಅದೇ ಮೊತ್ತ ದಾಸ್ತಾನಿನ ವೆಚ್ಚ. ಆ ಹಾಲು ತುಪ್ಪವಾದರೆ ಅದು ಈ ಮಾನದಂಡದ ಆಚೆಗೆ, ದಾಸ್ತಾನಿನ ನಿಯಮಗಳಿಗೆ ಸೇರುತ್ತದೆ.

ಮೇವು, ಹಿಂಡಿ, ಔಷಧದ ಖರ್ಚನ್ನು ನೇರವಾಗಿ ಖರ್ಚು ಎಂದು ಬರೆಯಬೇಕೇ ಅಥವಾ ಹಸುವಿನ ಮೌಲ್ಯಕ್ಕೆ ಸೇರಿಸಬೇಕೇ ಎಂಬ ಬಗ್ಗೆ ಮಾನದಂಡ ಏನನ್ನೂ ಹೇಳುವುದಿಲ್ಲ. ಹೇಗೆ ಬರೆದರೂ ನಿವ್ವಳ ಲಾಭ ಒಂದೇ. ಕಡಸುಗಳ ಮೇವಿಗಾದ 30ನ್ನು ಹಿಂಡಿನ ಮೌಲ್ಯಕ್ಕೆ ಸೇರಿಸಿದರೆ ಕೊನೆಯ ಮೌಲ್ಯ 853 ಆಗಿಯೇ ಉಳಿಯುತ್ತದೆ, 146ರ ಬದಲು ಲಾಭ 116 ಆಗುತ್ತದೆ, ಖರ್ಚಿನ ಕಡೆ 30 ಕಡಿಮೆಯಾಗುತ್ತದೆ. ಒಂದು ದಾರಿಯನ್ನು ಹಿಡಿದು ವರ್ಷ ವರ್ಷವೂ ಅದರಲ್ಲೇ ನಡೆದರೆ ಸಾಕು.

ನಿಂತ ಬೆಳೆಯ ಕಷ್ಟ

ಹಸುವಿಗೆ ಮಾರುಕಟ್ಟೆಯಿದೆ. ಅರ್ಧ ಬೆಳೆದ ಮೆಕ್ಕೆಜೋಳಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಬಿತ್ತಿ ಕೆಲವೇ ದಿನಗಳಾಗಿದ್ದರೆ ಆದ ಖರ್ಚನ್ನೇ ಮೌಲ್ಯವೆಂದು ಹಿಡಿಯಬಹುದು, ಏಕೆಂದರೆ ಬೆಳವಣಿಗೆ ಇನ್ನೂ ಗಣನೀಯವಾಗಿ ಆಗಿರುವುದಿಲ್ಲ. ತೆನೆ ಕಟ್ಟುತ್ತಿರುವ ಬೆಳೆಗೆ ಆ ದಾರಿ ಮುಚ್ಚಿದೆ. ಆಗ ಕೊಯ್ಲಿನಿಂದ ಹಿಂದಕ್ಕೆ ಲೆಕ್ಕ ಹಾಕಬೇಕು.

4 ಹೆಕ್ಟೇರಿನ ಹೊಲ ಎನ್ನಿ. ಮಳೆ ಸರಿಯಾಗಿದ್ದರೆ 24 ಟನ್, ಕೈಕೊಟ್ಟರೆ 16, ಕೀಟವೋ ಆಲಿಕಲ್ಲೋ ಬಿದ್ದರೆ ಏನೂ ಇಲ್ಲ. ಈ ಮೂರರ ಸಂಭವ ಹತ್ತರಲ್ಲಿ ಏಳು, ಎರಡು, ಒಂದು ಎಂದಾದರೆ ನಿರೀಕ್ಷಿತ ಇಳುವರಿ 20 ಟನ್. ಸಾಗಣೆ ಕಳೆದು ಟನ್ನಿಗೆ 20ರಂತೆ 400. ಕೊಯ್ಲಿನವರೆಗಿನ ಕಳೆ, ನೀರು, ಕೊಯ್ಲಿನ ಕೂಲಿ 90. ಅಲ್ಲಿಯವರೆಗೆ ನೆಲ ಬಳಸಿದ್ದಕ್ಕೆ ಗುತ್ತಿಗೆ 30. ಹೊಲ ಸ್ವಂತದ್ದಾದರೂ ಇದನ್ನು ಕಳೆಯಬೇಕು, ಇಲ್ಲವಾದರೆ ಭೂಮಿಯ ಗಳಿಕೆ ಬೆಳೆಯ ಮೌಲ್ಯದೊಳಗೆ ನುಸುಳುತ್ತದೆ. ಮಾರಾಟ ವೆಚ್ಚ 20. ಕೊನೆಯದಾಗಿ, ಈ ಬೆಳೆಯನ್ನು ಇವತ್ತು ಕೊಳ್ಳುವವರು ಉಳಿದ ಎರಡು ತಿಂಗಳ ದುಡಿಮೆಗೂ ಅಪಾಯಕ್ಕೂ ತಮಗೊಂದು ಲಾಭ ಕೇಳುತ್ತಾರೆ, ಅದು 35. ಉಳಿಯುವುದು 225. ಇಲ್ಲಿಯವರೆಗಿನ ಖರ್ಚು 110 ಆಗಿ, ಅದನ್ನು ಬೆಳೆಯ ಖಾತೆಯಲ್ಲೇ ಬರೆದಿದ್ದರೆ, ಈ ವರ್ಷದ ಲಾಭ 115.

ಆ 35ನ್ನು ಬಿಟ್ಟುಬಿಡುವುದೇ ನಿಂತ ಬೆಳೆಯ ಲೆಕ್ಕದ ದೊಡ್ಡ ದೋಷ. ಹಾಗೆ ಮಾಡಿದರೆ ಇನ್ನೂ ಕೊಯ್ಯದ ಫಸಲಿನ ಇಡೀ ಲಾಭ ಈ ವರ್ಷಕ್ಕೇ ಬಂದುಬಿಡುತ್ತದೆ, ಕೊಯ್ಲಿನ ವರ್ಷಕ್ಕೆ ಏನೂ ಉಳಿಯುವುದಿಲ್ಲ. ಇನ್ನೊಂದು ಎಡವಟ್ಟು, ಮುಂಗಡ ಒಪ್ಪಂದದ ಬೆಲೆಯನ್ನು ಕಣ್ಣುಮುಚ್ಚಿ ಹಿಡಿಯುವುದು. ನೀವು ಯಾರಿಗೋ ಟನ್ನಿಗೆ 23ಕ್ಕೆ ಕೊಡಲು ಒಪ್ಪಿದ್ದೀರಿ ಎಂಬ ಮಾತ್ರಕ್ಕೆ ಬೆಳೆಯ ಮೌಲ್ಯ ಏರುವುದಿಲ್ಲ. ಮೌಲ್ಯ ನಿಲ್ಲುವುದು ಮಾರುಕಟ್ಟೆಯ ಮೇಲೆ.

ದ್ರಾಕ್ಷಿ ಬಳ್ಳಿಯಂತೆ ವರ್ಷಗಟ್ಟಲೆ ಫಲ ಕೊಡುವ ಗಿಡಗಳು ಮಾತ್ರ ಈ ಲೆಕ್ಕದಿಂದ ಹೊರಗಿವೆ. 2014ರ ತಿದ್ದುಪಡಿ 2016ರಿಂದ ಅವನ್ನು ಯಂತ್ರ, ಕಟ್ಟಡಗಳ ಸಾಲಿಗೆ ಸೇರಿಸಿ ಸವಕಳಿಗೆ ಒಳಪಡಿಸಿತು. ಅವುಗಳಲ್ಲಿ ತೂಗುವ ಹಣ್ಣಿಗೆ ಮಾತ್ರ ಈಗಲೂ ನ್ಯಾಯೋಚಿತ ಮೌಲ್ಯವೇ. ವರ್ಷಗಟ್ಟಲೆ ಹಾಲು ಕೊಟ್ಟರೂ ಹಸುವಿಗೆ ಆ ವಿನಾಯಿತಿ ಸಿಕ್ಕಿಲ್ಲ.

ಪುಸ್ತಕ ಮುಗಿಸಿದ ಮೇಲೆ ಒಂದು ಪರೀಕ್ಷೆ ಮಾಡಬಹುದು. ವರ್ಷ ಮುಗಿದ ನಂತರದ ಕೆಲವು ವಾರಗಳಲ್ಲಿ ಮಾರಿದ ಹಸುಗಳಿಗೆ ನಿಜವಾಗಿ ಕೈಸೇರಿದ ಹಣವನ್ನು ಪುಸ್ತಕದಲ್ಲಿ ಅದೇ ಗುಂಪಿಗೆ ಬರೆದ ಮೌಲ್ಯದ ಪಕ್ಕದಲ್ಲಿಟ್ಟು ನೋಡಿ. ಎಲ್ಲ ಮಾರಾಟಗಳೂ ಒಂದೇ ಕಡೆಗೆ ವಾಲಿದ್ದರೆ ಆ ಗುಂಪಿನ ಬೆಲೆಯನ್ನು ಮತ್ತೆ ಪರಿಶೀಲಿಸಬೇಕು. ಹಾಗೆಯೇ 146ರ ಲಾಭದಲ್ಲಿ ಒಂದು ಕಾಸೂ ಇನ್ನೂ ನಗದಾಗಿ ಬಂದಿಲ್ಲ ಎಂಬುದನ್ನು ಲಾಭ ಹಂಚಿಕೊಳ್ಳುವ ಮುನ್ನ ಪಾಲುದಾರರಿಗೆ ಲಿಖಿತವಾಗಿಯೇ ತಿಳಿಸಬೇಕು.